ಸಮಾಂತರ ಸರಳುಗಳ ನಡುವಿನ ಬಲ: ಲೆಕ್ಕದಲ್ಲಿ 102 ಮಿಲಿಗ್ರಾಂ, ತಕ್ಕಡಿಯಲ್ಲಿ 76. ಉಳಿದದ್ದು ಎಲ್ಲಿ ಹೋಯಿತು?

ಶಶಿಕಲಾ
ಕರೆಂಟ್ ಹರಿಯುವ ಎರಡು ಸಮಾಂತರ ಸರಳುಗಳ ನಡುವಿನ ಬಲ ಅಳೆಯೋ ಪ್ರಯೋಗ ಕೂರಿಸಿದ್ದೇನೆ. ಕೆಳಗಿನ ತಾಮ್ರದ ಸರಳು ಹಲಗೆಗೆ ಬಿಗಿದಿದೆ. ಮೇಲಿನದು ಒಂದು ಚೌಕಟ್ಟಿನ ಮುಂಭಾಗ, ಚೌಕಟ್ಟು ಹಿಂದೆ ಎರಡು ಅಲಗುಗಳ ಮೇಲೆ ತೂಗುತ್ತದೆ, ಅದರಾಚೆ ಸರಿದೂಗಿಸುವ ಭಾರ ಇದೆ. ಎರಡೂ ಸರಳು 30 ಸೆಂ.ಮೀ. ಉದ್ದ, 3 ಮಿ.ಮೀ. ದಪ್ಪ, ನಡುವಿನ ಸಂದು 6 ಮಿ.ಮೀ. ಸರಣಿಯಲ್ಲಿ ಜೋಡಿಸಿ ವಿರುದ್ಧ ದಿಕ್ಕಿನಲ್ಲಿ 10 ಆಂಪಿಯರ್ ಡಿಸಿ ಹರಿಸಿದರೆ ಮೇಲಿನದು ಏಳುತ್ತದೆ. ಅದು ಮತ್ತೆ ಮೊದಲಿನ ಎತ್ತರಕ್ಕೆ ಬರುವವರೆಗೆ ಸರಳಿನ ಮೇಲೆಯೇ ಸಣ್ಣ ತೂಕ ಇಡುತ್ತೇನೆ.

ಸೂತ್ರ F = 2×10⁻⁷ × I² × L / d. ಬೆಲೆ ಹಾಕಿದರೆ 0.001 ನ್ಯೂಟನ್, ಅಂದರೆ 102 ಮಿಲಿಗ್ರಾಂ ಭಾರ. ಆದರೆ 76 ಮಿಲಿಗ್ರಾಂಗೇ ಸರಳು ಕೆಳಗೆ ಬಂದು ಕೂರುತ್ತದೆ. ಎಷ್ಟು ಸಲ ಮಾಡಿದರೂ ಒಂದು ಮಿಲಿಗ್ರಾಂ ಆಚೀಚೆ ಅಷ್ಟೇ. ಕಾಲು ಭಾಗ ಬಲ ಎಲ್ಲಿ ಹೋಗುತ್ತಿದೆ?

ಸುಲಭಸೂತ್ರ
ಸೂತ್ರ ಅನಂತ ಉದ್ದದ ವೈರ್‌ಗೆ. ನಿಮ್ಮ ಸರಳು 30 ಸೆಂ.ಮೀ. ಮಾತ್ರ, ತುದಿಗಳಲ್ಲಿ ಕಾಂತಕ್ಷೇತ್ರ ದುರ್ಬಲ. ಕಡಿಮೆಯಾಗಿರೋದು ಅದಕ್ಕೇ. ಉದ್ದ 1 ಮೀಟರ್ ಮಾಡಿ, ಸರಿಹೋಗುತ್ತೆ. ಆಂಪಿಯರ್‌ನ ವ್ಯಾಖ್ಯೆಯಲ್ಲೂ 1 ಮೀಟರ್ ಉದ್ದದ ಎರಡು ವೈರ್ 1 ಮೀಟರ್ ದೂರದಲ್ಲಿ ಅಂತಲೇ ಇರೋದು.

ಅಳತೆಗೋಲು
ಕಾರಣ ನಿಜ, ಪ್ರಮಾಣ ಅಷ್ಟಿಲ್ಲ. ಒಂದೇ ಉದ್ದದ ಎರಡು ಸರಳು ಎದುರುಬದುರು ಇದ್ದಾಗ ಸೂತ್ರದ L ಜಾಗದಲ್ಲಿ √(L² + d²) − d ಹಾಕಬೇಕು. ದೂರ ಕೆಲವೇ ಮಿಲಿಮೀಟರ್, ಉದ್ದ 300 ಮಿ.ಮೀ. ಇದ್ದಾಗ ತುದಿಗಳಿಂದ ಹೋಗೋದು ನೂರಕ್ಕೆ ಎರಡು ಮೂರು ಭಾಗ ಮಾತ್ರ.

ವ್ಯಾಖ್ಯೆಯ ಮಾತು ಹಾಗಿಲ್ಲ. ಅದರಲ್ಲಿ ವೈರ್‌ಗಳು ಅನಂತ ಉದ್ದದವು, ಬಲವನ್ನು ಮಾತ್ರ ಪ್ರತಿ ಮೀಟರ್ ಉದ್ದಕ್ಕೆ ಇಷ್ಟು ಅಂತ ಹೇಳಿದೆ. ನಿಜವಾಗಿ ಒಂದೊಂದೇ ಮೀಟರ್‌ನ ಎರಡು ತುಂಡನ್ನು ಒಂದು ಮೀಟರ್ ದೂರ ಇಟ್ಟರೆ √2 − 1, ಅಂದರೆ 0.41 ಪಟ್ಟು ಬಲ ಮಾತ್ರ ಸಿಗುತ್ತೆ. 2×10⁻⁷ ಬದಲು 0.83×10⁻⁷ ನ್ಯೂಟನ್.

ಶಶಿಕಲಾ ಮೇಡಂ, ದೊಡ್ಡ ಪಾಲು ಬೇರೆ ಕಡೆ ಹೋಗಿದೆ. ನೀವು d ಅಂತ ಹಾಕಿದ್ದು ಸಂದನ್ನು. ಗುಂಡನೆ ಸರಳಿನ ಅಡ್ಡಕೊಯ್ತದಲ್ಲಿ ಕರೆಂಟ್ ಸಮನಾಗಿ ಹರಡಿದ್ದರೆ, ಹೊರಗಿನ ಕ್ಷೇತ್ರ ಅಷ್ಟೂ ಕರೆಂಟ್ ನಡುಗೆರೆಯಲ್ಲೇ ಹರಿದ ಹಾಗೆ ಇರುತ್ತೆ. ಹಾಗಾಗಿ ದೂರ ನಡುವಿನಿಂದ ನಡುವಿಗೆ: 6 ಮಿ.ಮೀ. ಸಂದು, ಎರಡೂ ಕಡೆ ಒಂದೂವರೆ ಮಿ.ಮೀ., ಒಟ್ಟು 9. ಈಗ ಲೆಕ್ಕ 68 ಮಿಲಿಗ್ರಾಂ. ತುದಿ ತಿದ್ದುಪಡಿಯಲ್ಲಿ 300ರ ಬದಲು 291 ಮಿ.ಮೀ. ಬರುತ್ತೆ, ಆಗ 66.

ಅಂದರೆ ನಿಮ್ಮ 76 ಕಡಿಮೆಯಲ್ಲ, 10 ಮಿಲಿಗ್ರಾಂ ಜಾಸ್ತಿ. ಎರಡು ವಿಷಯ ಹೇಳಿ: ಸರಳು ಯಾವ ದಿಕ್ಕಿಗೆ ಮಲಗಿದೆ, ಮತ್ತು ವಿದ್ಯುತ್ ಮೂಲದ ಎರಡು ತುದಿ ಅದಲು ಬದಲು ಮಾಡಿದರೆ ಎಷ್ಟು ಬರುತ್ತೆ?

ಬಸ್‌ಬಾರ್
ನೀವೆಲ್ಲ ಮಿಲಿಗ್ರಾಂ ಲೆಕ್ಕದಲ್ಲಿದ್ದೀರಿ, ನಾವು ಪ್ಯಾನೆಲ್‌ನಲ್ಲಿ ಇದೇ ಸೂತ್ರದಿಂದ ಆಧಾರದ ಇನ್ಸುಲೇಟರ್ ಮುರಿಯುತ್ತಾ ಇಲ್ಲವಾ ಅಂತ ನೋಡ್ತೀವಿ. ಬಸ್‌ಬಾರ್‌ಗಳ ನಡುವೆ 10 ಸೆಂ.ಮೀ., ಶಾರ್ಟ್ ಸರ್ಕ್ಯೂಟ್ 30 ಕಿಲೋಆಂಪಿಯರ್ ಅಂದರೆ ಮೀಟರ್‌ಗೆ 1800 ನ್ಯೂಟನ್. ಅಲ್ಲಿಗೇ ನಿಲ್ಲಿಸಿದರೆ ಪ್ಯಾನೆಲ್ ಉಳಿಯಲ್ಲ. ದೋಷ ಆದ ಮೊದಲ ಅರ್ಧ ಚಕ್ರದಲ್ಲಿ ಶಿಖರ ಆರ್‌ಎಂಎಸ್‌ನ ಸುಮಾರು 2.1 ಪಟ್ಟು, 63 ಕಿಲೋಆಂಪಿಯರ್ ಮುಟ್ಟುತ್ತೆ. ಬಲ ಕರೆಂಟಿನ ವರ್ಗಕ್ಕೆ ಏರೋದರಿಂದ ಮೀಟರ್‌ಗೆ 7900 ನ್ಯೂಟನ್ ಮೀರುತ್ತೆ, ಅಂದರೆ 800 ಕೆ.ಜಿ. ಭಾರ. ಆಧಾರಗಳ ಅಂತರ ಕಡಿಮೆ ಮಾಡಿ ಅಂತ ನನ್ನ ಸಲಹೆ.

ಅಳತೆಗೋಲು
ಲೆಕ್ಕ ಸರಿ ಸರ್, ಆದರೆ ಇಲ್ಲಿ ಸರಳು ಮುರಿಯುವ ಭಯ ಇಲ್ಲ. ಒಂದು ಮಾತು ಸೇರಿಸ್ತೀನಿ: ಬಸ್‌ಬಾರ್ ಚಪ್ಪಟೆ ಪಟ್ಟಿ, ಅದಕ್ಕೆ ನಡುವಿನಿಂದ ನಡುವಿನ ದೂರ ಹಾಕುವ ನಿಯಮ ಹತ್ತಿರ ಬಂದಾಗ ಕೆಡುತ್ತೆ. ಪಟ್ಟಿಯ ಅಗಲ ಅಂತರಕ್ಕೆ ಸಮನಾಗುತ್ತಾ ಬಂದರೆ ಆಕಾರದ ತಿದ್ದುಪಡಿ ಅಂಶ ಬೇಕು. ಗುಂಡು ಸರಳಿಗೆ ಆ ತೊಂದರೆ ಇಲ್ಲ, ಪ್ರಯೋಗಕ್ಕೆ ಅದನ್ನೇ ಬಳಸೋದು ಆ ಕಾರಣಕ್ಕೇ.

ಶಶಿಕಲಾ
ಸರಳು ಪೂರ್ವ–ಪಶ್ಚಿಮ ಮಲಗಿದೆ. ತುದಿ ಅದಲು ಬದಲು ಮಾಡಿದೆ: 54 ಮಿಲಿಗ್ರಾಂ! ಎರಡೂ ಸರಳಿನಲ್ಲಿ ಒಟ್ಟಿಗೇ ದಿಕ್ಕು ಬದಲಾಗುತ್ತಲ್ಲ, ಸೂತ್ರದ ಪ್ರಕಾರ ಏನೂ ವ್ಯತ್ಯಾಸ ಬರಬಾರದು.

ಅಳತೆಗೋಲು
ಎರಡು ಸರಳುಗಳ ನಡುವಿನ ಬಲ ಬದಲಾಗಿಲ್ಲ, ಬದಲಾಗಿದ್ದು ಭೂಮಿಯ ಪಾಲು. ಭೂಮಿಯ ಕಾಂತಕ್ಷೇತ್ರದ ಸಮತಲ ಅಂಶ ಸಮಭಾಜಕದ ಸುತ್ತಮುತ್ತ 40 ಮೈಕ್ರೋಟೆಸ್ಲಾದ ಆಸುಪಾಸು ಇರುತ್ತೆ, ಧ್ರುವಗಳ ಕಡೆ ಹೋದಂತೆ ಇಳಿಯುತ್ತೆ. ಅದು ಉತ್ತರಕ್ಕೆ ಮುಖ ಮಾಡಿದೆ, ನಿಮ್ಮ ಸರಳು ಅದಕ್ಕೆ ಅಡ್ಡಲಾಗಿದೆ. ಹಾಗಾಗಿ ಮೇಲಿನ ಸರಳಿನ ಮೇಲೆ ನೇರ ಮೇಲಕ್ಕೋ ಕೆಳಕ್ಕೋ ಬಲ ಬೀಳುತ್ತೆ: 40×10⁻⁶ × 10 × 0.3 = 1.2×10⁻⁴ ನ್ಯೂಟನ್, ಅಂದರೆ 12 ಮಿಲಿಗ್ರಾಂ. ಇದು ಕರೆಂಟಿನ ಜೊತೆ ದಿಕ್ಕು ಬದಲಿಸುತ್ತೆ. 76 ಮತ್ತು 54ರ ಸರಾಸರಿ 65, ವ್ಯತ್ಯಾಸದ ಅರ್ಧ 11. ನಿಮ್ಮ ಮೇಜಿನ ಮೇಲೆ ಭೂಮಿಯ ಪಾಲು ಆ 11. ಸರಳುಗಳದ್ದೇ ಆದ ಬಲ 65, ಲೆಕ್ಕ 66.

ಇಡೀ ಚೌಕಟ್ಟನ್ನು ತಿರುಗಿಸಿ ಸರಳನ್ನು ದಿಕ್ಸೂಚಿಯ ಉತ್ತರ–ದಕ್ಷಿಣಕ್ಕೆ ಮಲಗಿಸಿದರೂ ಆಗುತ್ತೆ. ಆಗ ಸಮತಲ ಅಂಶ ಸರಳಿಗೆ ಸಮಾಂತರ, ಬಲ ಸೊನ್ನೆ. ಭೂಕ್ಷೇತ್ರದ ಲಂಬ ಅಂಶ ಸರಳನ್ನು ಪಕ್ಕಕ್ಕೆ ತಳ್ಳುತ್ತೆ, ತಕ್ಕಡಿಗೆ ಅದು ಗೊತ್ತಾಗಲ್ಲ. ಹಾಗೆ ಮಾಡಿದ ಮೇಲೂ ದಿಕ್ಕು ಬದಲಿಸಿ ಎರಡು ಸಲ ಅಳೆಯೋದನ್ನು ಬಿಡಬೇಡಿ. ಮೇಜಿನ ಕಬ್ಬಿಣದ ಕಾಲು ದಿಕ್ಸೂಚಿಯನ್ನೇ ದಾರಿ ತಪ್ಪಿಸುತ್ತೆ.

ಕಾಂತಸೂಜಿ
ಇಷ್ಟೆಲ್ಲಾ ಯಾಕೆ, ಎಸಿ ಕೊಡಿ. ದಿಕ್ಕು ಸೆಕೆಂಡಿಗೆ ನೂರು ಸಲ ತಾನೇ ಬದಲಾಗುತ್ತೆ, ಭೂಮಿಯ ಪಾಲಿನ ಸರಾಸರಿ ಸೊನ್ನೆ. ಎರಡೂ ಸರಳಿನಲ್ಲಿ ಒಂದೇ ಕರೆಂಟ್ ಆದ್ದರಿಂದ I² ಯಾವಾಗಲೂ ಧನ, ವಿಕರ್ಷಣೆ ಹಾಗೇ ಉಳಿಯುತ್ತೆ. ಕಡಿಮೆ ವೋಲ್ಟೇಜಿನ ಟ್ರಾನ್ಸ್‌ಫಾರ್ಮರ್ ಒಂದಿದ್ದರೆ ಸಾಕು.

ಇನ್ನೊಂದು, ವಾಪಸ್ ಹೋಗೋ ವೈರ್ ಎಲ್ಲಿ ಹಾಕಿದ್ದೀರಿ? ಅದು 30 ಸೆಂ.ಮೀ. ದೂರದಲ್ಲಿ ಸಮಾಂತರವಾಗಿದ್ದರೆ 9/300, ನೂರಕ್ಕೆ ಮೂರು ಭಾಗ ತಪ್ಪು. ಆಗ ನಿಮ್ಮ 65 ಮತ್ತು 66 ಹೊಂದಿದ್ದೇ ಆಕಸ್ಮಿಕ.

ಶಶಿಕಲಾ
ವಾಪಸ್ ವೈರ್ ಹಿಂದುಗಡೆ ಹಲಗೆಯ ಮೇಲೆ ಇದೆ, ಹೌದು, ಸುಮಾರು 30 ಸೆಂ.ಮೀ. ದೂರ, ಸಮಾಂತರ. ಎತ್ತರ ಸರಳಿನಷ್ಟೇ.

ಅಳತೆಗೋಲು
ಹಾಗಿದ್ದರೆ ಅದರಿಂದ ತಪ್ಪು ಬರಲ್ಲ. ಎರಡು ವೈರ್‌ಗಳ ನಡುವಿನ ಬಲ ಅವೆರಡನ್ನೂ ಸೇರಿಸುವ ಗೆರೆಯ ಉದ್ದಕ್ಕೇ ಇರುತ್ತೆ. ಒಂದೇ ಎತ್ತರದಲ್ಲಿ ಹಿಂದೆ ಇದ್ದರೆ ಬಲ ಹಿಂದಕ್ಕೋ ಮುಂದಕ್ಕೋ, ಮೇಲೆ ಕೆಳಗೆ ಅಲ್ಲ. ಹಲಗೆಯ ಅಡಿಯಲ್ಲಿ, ಸರಳಿನ ನೇರ ಕೆಳಗೆ ಇದ್ದಿದ್ದರೆ ಕಾಂತಸೂಜಿ ಹೇಳಿದ ತಪ್ಪು, ಹೆಚ್ಚೆಂದರೆ ಮೂರು ಭಾಗ, ನಿಜವಾಗಿ ಬರುತ್ತಿತ್ತು. ಹೋಗುವ ಬರುವ ವೈರ್‌ಗಳನ್ನು ಹುರಿ ಹೊಸೆದು ತಂದರೆ ಈ ಪ್ರಶ್ನೆಯೇ ಏಳಲ್ಲ.

ಎಸಿ ಬಗ್ಗೆ ನನಗೆ ಒಪ್ಪಿಗೆ ಇಲ್ಲ. ಬಲ ನೂರು ಹರ್ಟ್ಸ್‌ನಲ್ಲಿ ಬಡಿಯುತ್ತೆ, ಅಲಗಿನ ಸಂಪರ್ಕ ಅಲ್ಲಿ ಕಿರುಗುಟ್ಟಿ ಕಿಡಿ ಹಾರಿಸುತ್ತೆ. ಮೀಟರ್ ನಿಜವಾದ ಆರ್‌ಎಂಎಸ್ ತೋರಿಸುವಂಥದ್ದೇ ಆಗಬೇಕು. ಸರಾಸರಿ ಅಳೆದು ಸೈನ್ ಅಲೆ ಅಂದುಕೊಂಡು ಗುಣಿಸೋ ಮೀಟರ್, ಟ್ರಾನ್ಸ್‌ಫಾರ್ಮರ್‌ನಿಂದ ಬಂದ ಕೆಟ್ಟ ಅಲೆಗೆ ಸುಳ್ಳು ಹೇಳುತ್ತೆ.

ಕಾಂತಸೂಜಿ
ಅಲಗಿನ ಮೂಲಕ ಕರೆಂಟ್ ಕೊಡೋದೇ ಸರಿಯಲ್ಲ, ಡಿಸಿಯಲ್ಲೂ ಅಷ್ಟೇ. ಅಲ್ಲಿ 0.1 ಓಮ್ ಇದ್ದರೆ 10 ಆಂಪಿಯರ್‌ಗೆ 10 ವ್ಯಾಟ್ ಬಿಸಿ, ಅಳೆಯುತ್ತಾ ಇದ್ದಂತೆ ಕರೆಂಟ್ ಜಾರುತ್ತೆ. ತೆಳು ತಾಮ್ರದ ಹಾಳೆಯನ್ನು ಸಡಿಲ ಕುಣಿಕೆಯಾಗಿ ಬಾಗಿಸಿ, ತಿರುಗುವ ಅಕ್ಷದ ಮೇಲೆಯೇ ಕೊಡಿ. ಹಾಗೆ ಕೊಟ್ಟರೆ ಎಸಿಯಲ್ಲೂ ಕಿಡಿ ಬರಲ್ಲ. ನನ್ನ ಮತ ಎಸಿಗೇ.

ವಿದ್ಯಾರ್ಥಿ21
ಎರಡು ಸಂದೇಹ. ಒಂದು, ವಿರುದ್ಧ ದಿಕ್ಕೇ ಯಾಕೆ, ಒಂದೇ ದಿಕ್ಕಿನ ಆಕರ್ಷಣೆ ಅಳೆಯಬಾರದಾ? ಎರಡು, ಈ ಬಲದಿಂದ ಆಂಪಿಯರ್ ವ್ಯಾಖ್ಯೆ ಆಗುತ್ತೆ ಅಂತ ಓದ್ತೀವಿ. ಆದರೆ ಇಲ್ಲಿ 10 ಆಂಪಿಯರ್ ಅಂತ ಹೇಳಿದ್ದೇ ಆಮ್ಮೀಟರ್. ಇದು ಸುತ್ತು ಸುತ್ತಿ ಅಲ್ಲಿಗೇ ಬಂದ ಹಾಗಲ್ಲವಾ?

ಅಳತೆಗೋಲು
ಮೊದಲನೆಯದು ಸ್ಥಿರತೆಯ ವಿಷಯ. ವಿಕರ್ಷಣೆಯಲ್ಲಿ ಸರಳು ಸ್ವಲ್ಪ ಕೆಳಗಿಳಿದರೆ ದೂರ ಕಡಿಮೆ, ಬಲ ಹೆಚ್ಚು, ಮತ್ತೆ ಮೇಲೆ ತಳ್ಳುತ್ತೆ. ಆಕರ್ಷಣೆಯಲ್ಲಿ ಹತ್ತಿರ ಬಂದಷ್ಟೂ ಸೆಳೆತ ಜಾಸ್ತಿ, ಒಂದು ಹಂತ ದಾಟಿದರೆ ಟಪ್ ಅಂತ ಅಂಟಿಕೊಳ್ಳುತ್ತೆ. ಅಳೆಯಲು ಆಗಲ್ಲ ಅಂತಲ್ಲ, ತಕ್ಕಡಿಯ ಸ್ವಂತ ಬಿಗಿ ಅದನ್ನು ಮೀರಿರಬೇಕು.

ಎರಡನೆಯದು ಈ ಚರ್ಚೆಯ ತಿರುಳು. ಸೂತ್ರದಲ್ಲಿ ಕರೆಂಟ್ ಬಿಟ್ಟು ಉಳಿದದ್ದೆಲ್ಲ ನೋಡಿ: ಬಲವನ್ನು ತೂಕದ ಬಟ್ಟಿನಿಂದ, L ಮತ್ತು d ಯನ್ನು ಅಳತೆಪಟ್ಟಿಯಿಂದ ಪಡೆಯುತ್ತೀರಿ. 2×10⁻⁷ ಅನ್ನುವ ಅಂಕಿ ಅಳೆದದ್ದಲ್ಲ, ಹೀಗೇ ಇರಲಿ ಅಂತ ಒಪ್ಪಿಕೊಂಡದ್ದು. ಹಾಗಾದರೆ I ಒಂದೇ ಗೊತ್ತಿಲ್ಲದ್ದು, Leff ಅಂದರೆ ತುದಿ ತಿದ್ದುಪಡಿ ಮಾಡಿದ ಉದ್ದ:

```
I = sqrt( F·d / (2e-7 · Leff) )
```

ಆಮ್ಮೀಟರಿನ ಮುಖ ನೋಡುವುದೇ ಬೇಡ. ಕಿಲೋಗ್ರಾಂ, ಮೀಟರ್, ಸೆಕೆಂಡ್ ಮೂರರಿಂದ ಕರೆಂಟ್ ಬಂತು, ಈಗ ಆ ಆಮ್ಮೀಟರನ್ನೇ ಇದರಿಂದ ತಪಾಸಣೆ ಮಾಡಬಹುದು. 1948ರಲ್ಲಿ ಅಂತಾರಾಷ್ಟ್ರೀಯವಾಗಿ ಅಂಗೀಕಾರವಾದ ವ್ಯಾಖ್ಯೆಯ ಅರ್ಥ ಇದೇ. ಅದಕ್ಕೂ ಮುಂಚೆ ಬೆಳ್ಳಿಯ ಲೇಪನದಿಂದ ನಿರ್ಧರಿಸುತ್ತಿದ್ದರು, ಸೆಕೆಂಡಿಗೆ 0.001118 ಗ್ರಾಂ ಬೆಳ್ಳಿ ಕೂರಿಸುವ ಕರೆಂಟ್ ಒಂದು ಆಂಪಿಯರ್ ಅಂತ.

ಆದರೆ ವ್ಯಾಖ್ಯೆಯಲ್ಲಿ ಬರೆದ ಹಾಗೆ ನೇರ ವೈರ್ ಕಟ್ಟಿ ಯಾರೂ ಆಂಪಿಯರ್ ಅಳೆದಿಲ್ಲ, ಅಳೆಯಲೂ ಆಗಲ್ಲ. 1 ಆಂಪಿಯರ್, 1 ಮೀಟರ್ ದೂರಕ್ಕೆ ಮೀಟರ್ ಉದ್ದದ ಮೇಲೆ ಬೀಳುವ ಬಲ 20 ಮೈಕ್ರೋಗ್ರಾಂ ಭಾರ. 80 ಜಿಎಸ್‌ಎಂ ಕಾಗದದಲ್ಲಿ ಅರ್ಧ ಮಿಲಿಮೀಟರ್ ಚೌಕದ ಚೂರು. ಅದೇ ಮೀಟರ್ ಮೇಲೆ ಭೂಮಿಯ ಕ್ಷೇತ್ರ ಹಾಕುವ ಬಲ ಅದರ 200 ಪಟ್ಟು ಇರಬಹುದು. ಮಾನಕ ಪ್ರಯೋಗಾಲಯಗಳು ಬಳಸಿದ್ದು ಸುರುಳಿಗಳ ತಕ್ಕಡಿ. ಸ್ಥಿರ ಸುರುಳಿಗಳ ನಡುವೆ ಇನ್ನೊಂದು ಸುರುಳಿ ತಕ್ಕಡಿಯಿಂದ ತೂಗುತ್ತಿರುತ್ತೆ, ನೂರಾರು ಸುತ್ತುಗಳಿಂದ ಬಲ ದೊಡ್ಡದಾಗುತ್ತೆ. ಸುತ್ತುಗಳ ಅಳತೆಯಿಂದ ಎಷ್ಟು ಬಲ ಬರಬೇಕು ಅಂತ ಲೆಕ್ಕ ಹಾಕುತ್ತಿದ್ದರು. ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಏರ್ಟನ್–ಜೋನ್ಸ್ ತಕ್ಕಡಿ ಇದೇ ಜಾತಿಯದು. ಅಲ್ಲೂ ಮೇಡಂ ಮಾಡಿದ ಉಪಾಯವೇ: ಸ್ಥಿರ ಸುರುಳಿಯ ಕರೆಂಟ್ ದಿಕ್ಕು ಬದಲಿಸಿ, ತೂಕದಲ್ಲಿ ಆದ ವ್ಯತ್ಯಾಸವನ್ನೇ ತೆಗೆದುಕೊಳ್ಳೋದು. ಕೊನೆಗೆ ಸಿಕ್ಕ ನಿಖರತೆ ಹತ್ತು ಲಕ್ಷದಲ್ಲಿ ಕೆಲವು ಭಾಗ. ಅದಕ್ಕಿಂತ ಮುಂದೆ ಹೋಗಲು ಬಿಡದೆ ತಡೆದದ್ದು ಸುರುಳಿಗಳ ಆಕಾರದ ಅಳತೆ.

ಸುಲಭಸೂತ್ರ
ಅದನ್ನೇ ನಾನೂ ಹೇಳೋದು. ಆ 2×10⁻⁷ ಅಂದರೆ μ₀/2π, ನಿರ್ವಾತದ ಕಾಂತಶೀಲತೆ μ₀ = 4π×10⁻⁷ ನಿಖರ, ಅಳೆಯುವ ಪ್ರಶ್ನೆ ಇಲ್ಲ. ಆಂಪಿಯರ್ ಬಂದಿರೋದು ಅಲ್ಲಿಂದ.

ಅಳತೆಗೋಲು
2019ರ ಮೇ 20ರವರೆಗೆ ಹಾಗಿತ್ತು, ಈಗ ತಲೆಕೆಳಗಾಗಿದೆ. ಈಗ ನಿಖರ ಅಂತ ಒಪ್ಪಿರೋದು ಎಲೆಕ್ಟ್ರಾನಿನ ಆವೇಶವನ್ನು: 1.602176634×10⁻¹⁹ ಕೂಲಂಬ್. ಸೆಕೆಂಡಿಗೆ ಒಂದು ಕೂಲಂಬ್ ಹರಿದರೆ ಆಂಪಿಯರ್. ಹಾಗಾಗಿ μ₀ ಈಗ ಅಳೆಯಬೇಕಾದ ಪ್ರಮಾಣ, ಅದರ ಅನಿಶ್ಚಿತತೆ ಸಾವಿರ ಕೋಟಿಯಲ್ಲಿ ಒಂದೆರಡು ಭಾಗ. ಹಳೇ ಬೆಲೆಯ ಜೊತೆ ಅಷ್ಟರ ಮಟ್ಟಿಗೆ ಹೊಂದಿಕೊಂಡೇ ಇದೆ. ಮೇಜಿನ ಮೇಲಿನ ಪ್ರಯೋಗಕ್ಕೆ ಒಂದಿಷ್ಟೂ ವ್ಯತ್ಯಾಸ ಇಲ್ಲ, ಪರೀಕ್ಷೆಯ ಉತ್ತರಕ್ಕೆ ಮಾತ್ರ ಇದೆ. ಇದೇ ಪ್ರಯೋಗ ಹಳೇ ಲೆಕ್ಕದಲ್ಲಿ ಕರೆಂಟ್ ಅಳೆಯುತ್ತಿತ್ತು, ಹೊಸ ಲೆಕ್ಕದಲ್ಲಿ ಕಟ್ಟುನಿಟ್ಟಾಗಿ ಹೇಳಿದರೆ μ₀ ಅಳೆಯುತ್ತೆ.

ವಿದ್ಯಾರ್ಥಿ21
2×10⁻⁷ ಅನ್ನೋ ಅಂಕಿಯೇ ಯಾಕೆ? ಒಂದು ನ್ಯೂಟನ್ ಅಂತ ಇಡಬಹುದಿತ್ತಲ್ಲ.

ಕಾಂತಸೂಜಿ
ಇಡಬಹುದಿತ್ತು, ಆದರೆ ಆಗ ಆಂಪಿಯರ್ ಸಾವಿರಾರು ಪಟ್ಟು ದೊಡ್ಡದಾಗಿ ಬಳಕೆಯಲ್ಲಿದ್ದ ಮೀಟರ್‌ಗಳೆಲ್ಲ ವ್ಯರ್ಥ. ಹಳೇ ಸೆಂಟಿಮೀಟರ್–ಗ್ರಾಂ–ಸೆಕೆಂಡ್ ಪದ್ಧತಿಯಲ್ಲಿ ಬಲ = 2I²/d ಅಂತ ಸರಳವಾಗಿತ್ತು, ಆ ಮಾನದ ಹತ್ತನೇ ಒಂದು ಭಾಗವನ್ನು ಆಂಪಿಯರ್ ಅಂತ ಕರೆದರು. I = 0.1, d = 100 ಸೆಂ.ಮೀ. ಹಾಕಿ, ಡೈನ್ ಅನ್ನು ನ್ಯೂಟನ್ ಮಾಡಿ, ಪ್ರತಿ ಸೆಂ.ಮೀ. ಇರೋದನ್ನು ಪ್ರತಿ ಮೀಟರ್ ಮಾಡಿ. 2×10⁻⁷ ತಾನಾಗಿ ಬರುತ್ತೆ.

ಶಶಿಕಲಾ
ಸಂದನ್ನು ಬದಲಿಸಿ ಅಳೆದೆ, ಪ್ರತಿ ಸಲ ದಿಕ್ಕು ಬದಲಿಸಿ ಸರಾಸರಿ ತೆಗೆದಿದ್ದೇನೆ. ಆಮ್ಮೀಟರ್ ಎಲ್ಲಾ ಕಡೆ 10. ಸಂದು 4 ಮಿ.ಮೀ.ಗೆ 84 ಮಿಲಿಗ್ರಾಂ, 6ಕ್ಕೆ 65, 10ಕ್ಕೆ 46. ತೂಕಕ್ಕೆ 80 ಜಿಎಸ್‌ಎಂ ಕಾಗದವನ್ನೇ ಕತ್ತರಿಸಿ ಬಳಸಿದೆ, ಒಂದು ಚದರ ಸೆಂ.ಮೀ. 8 ಮಿಲಿಗ್ರಾಂ. 10 ಮಿ.ಮೀ.ನಲ್ಲಿ ಲೆಕ್ಕಕ್ಕಿಂತ ಒಂದು ಜಾಸ್ತಿ, 4ರಲ್ಲಿ ಒಂದು ಕಡಿಮೆ. ಇದನ್ನು ಹೇಗೆ ಓದಬೇಕು?

ಅಳತೆಗೋಲು
Leff / F ಅನ್ನು ಸಂದಿನ ಎದುರು ಗ್ರಾಫ್ ಹಾಕಿ. F ಇರೋದು d ಯ ವಿಲೋಮದಲ್ಲಿ, d ಅಂದರೆ ಸಂದು + ಸ್ಥಿರ ಅಂಕಿ. ಹಾಗಾಗಿ ನೇರ ಗೆರೆ ಬರಬೇಕು. ಇದರ ಲಾಭ ಏನೆಂದರೆ ಸಂದು ಅಳೆಯುವುದರಲ್ಲಿ ಎಲ್ಲಾ ಕಡೆ ಒಂದೇ ಸಮ ತಪ್ಪಿದ್ದರೂ ಇಳಿಜಾರು ಕೆಡಲ್ಲ, ಆ ತಪ್ಪು ಗೆರೆ ಅಡ್ಡ ಅಕ್ಷವನ್ನು ಮುಟ್ಟುವ ಜಾಗದಲ್ಲಿ ಮಾತ್ರ ಕಾಣುತ್ತೆ.

ಮಿ.ಮೀ. ಮತ್ತು ಮಿಲಿಗ್ರಾಂನಲ್ಲೇ ನಿಮ್ಮ ಅಂಕಿ: 293.1/84 = 3.49, 291.1/65 = 4.48, 287.3/46 = 6.25. ಎರಡು ಕೊನೆಗಳಿಂದ ಇಳಿಜಾರು 0.46. ಸರಿಯಾಗಿ 10 ಆಂಪಿಯರ್ ಹರಿದಿದ್ದರೆ 0.49 ಬರಬೇಕಿತ್ತು. ಹಿಂದೆ ತಿರುಗಿಸಿದರೆ ಕರೆಂಟ್ 10.3 ಆಂಪಿಯರ್. ಗೆರೆ ಅಕ್ಷವನ್ನು ಮುಟ್ಟೋದು ಮೈನಸ್ 3.6ರಲ್ಲಿ, ಸರಳಿನ ದಪ್ಪ 3. ಅಂದರೆ ಸಂದು ನೀವು ಓದಿದ್ದಕ್ಕಿಂತ ಅರ್ಧ ಮಿಲಿಮೀಟರ್‌ನಷ್ಟು ದೊಡ್ಡದಿರಬಹುದು. ಕರೆಂಟ್ ಜಾಸ್ತಿ, ದೂರವೂ ಜಾಸ್ತಿ, ಒಂದನ್ನೊಂದು ತಿಂದುಕೊಂಡು 6 ಮಿ.ಮೀ.ನಲ್ಲಿ 65 ಮತ್ತು 66 ಅಷ್ಟು ಚೆನ್ನಾಗಿ ಹೊಂದಿರಬಹುದು.

ಸುಲಭಸೂತ್ರ
ಹಾಗಾದರೆ ಆಮ್ಮೀಟರ್ ತಪ್ಪು ಅಂತ ಸಾಬೀತಾಯಿತು.

ಕಾಂತಸೂಜಿ
ಸಾಬೀತು ಅನ್ನಬೇಡಿ. 46ರಲ್ಲಿ ಒಂದು ಮಿಲಿಗ್ರಾಂ ಆಚೀಚೆ ಅಂದರೇ ಇಳಿಜಾರು ನೂರಕ್ಕೆ ಐದು ಭಾಗ ಅಲ್ಲಾಡುತ್ತೆ, ಕರೆಂಟ್ ಎರಡೂವರೆ ಭಾಗ. ಮೇಡಂ, ಆಮ್ಮೀಟರ್ ಯಾವ ದರ್ಜೆ, ಎಷ್ಟರ ವ್ಯಾಪ್ತಿ?

ಶಶಿಕಲಾ
ಮುಳ್ಳಿನದು, 15 ಆಂಪಿಯರ್ ವ್ಯಾಪ್ತಿ, ಮುಖದ ಮೇಲೆ 2.5 ಅಂತ ಇದೆ.

ಅಳತೆಗೋಲು
ಆ 2.5 ಪೂರ್ಣ ವ್ಯಾಪ್ತಿಯ ಶೇಕಡಾ. ಅಂದರೆ ಎಲ್ಲಿ ಓದಿದರೂ 0.38 ಆಂಪಿಯರ್ ಆಚೀಚೆ ಇರಬಹುದು. 10.3 ಅದರ ಒಳಗೇ ಬೀಳುತ್ತೆ, 10.0 ಕೂಡ. ಬಲದಲ್ಲಿ ಇದರ ಪರಿಣಾಮ ದುಪ್ಪಟ್ಟು.

ಬಿಡಿಸಬೇಕಾದರೆ ಎರಡು ಕೆಲಸ. ಸಂದನ್ನು ಕಣ್ಣಿಂದ ಓದೋದು ಬಿಟ್ಟು, ಸರಳುಗಳ ನಡುವೆ ಗೊತ್ತಿರುವ ದಪ್ಪದ ತುಂಡು ತೂರಿಸಿ ಎತ್ತರ ಗುರುತು ಮಾಡಿ. ಚೌಕಟ್ಟಿಗೆ ಸಣ್ಣ ಕನ್ನಡಿ ಅಂಟಿಸಿ ಗೋಡೆ ಮೇಲೆ ಲೇಸರ್ ಚುಕ್ಕೆ ಬೀಳಿಸಿದರೆ ಅದೇ ಎತ್ತರಕ್ಕೆ ಮರಳಿದ್ದು ಚೆನ್ನಾಗಿ ಗೊತ್ತಾಗುತ್ತೆ. ಸರಳು ಒಂದು ತುದಿಯಲ್ಲಿ ಒಂದು ಮಿ.ಮೀ. ಎತ್ತರ, ಇನ್ನೊಂದು ತುದಿಯಲ್ಲಿ ಅಷ್ಟೇ ತಗ್ಗು ಇದ್ದರೆ ಚಿಂತೆ ಬೇಡ, 9 ಮಿ.ಮೀ. ದೂರಕ್ಕೆ ಅದರಿಂದ ಅರ್ಧ ಶೇಕಡಾ ಕೂಡ ಬರಲ್ಲ. ಸರಾಸರಿ ಸಂದು ಅರ್ಧ ಮಿ.ಮೀ. ತಪ್ಪಿದರೆ ಐದು ಶೇಕಡಾಕ್ಕಿಂತ ಹೆಚ್ಚು.

ಮತ್ತೊಂದು, ಆಮ್ಮೀಟರ್ ಜೊತೆ ಸರಣಿಯಲ್ಲಿ 50 ಆಂಪಿಯರ್‌ಗೆ 75 ಮಿಲಿವೋಲ್ಟ್ ಕೊಡೋ ಷಂಟ್ ಹಾಕಿ. 10 ಆಂಪಿಯರ್‌ಗೆ 15.0 ಮಿಲಿವೋಲ್ಟ್ ಬರಬೇಕು, 10.3 ಆದರೆ 15.5. ಡಿಜಿಟಲ್ ಮಲ್ಟಿಮೀಟರ್‌ಗೆ ಅಷ್ಟು ವ್ಯತ್ಯಾಸ ಸುಲಭವಾಗಿ ಕಾಣುತ್ತೆ.

ಶಶಿಕಲಾ
ಷಂಟ್ ಸಿಗುತ್ತದೆ. ಅದು ಬಂದ ಮೇಲೆ 4 ಮತ್ತು 10 ಮಿ.ಮೀ.ನ ಅಂಕಿ ಮತ್ತೆ ಹಾಕುತ್ತೇನೆ, ಎಸಿಯಲ್ಲೂ ಒಂದು ಸರಣಿ ತೆಗೆಯುತ್ತೇನೆ.

ಕಾಂತಸೂಜಿ
ಎಸಿಯಲ್ಲಿ ಷಂಟಿನ ಮಿಲಿವೋಲ್ಟ್ ಓದುವಾಗ ಮೀಟರಿನ ಎರಡು ವೈರ್ ಹುರಿ ಹೊಸೆದಿರಲಿ, ಇಲ್ಲದಿದ್ದರೆ ಸರಳಿನ ಕ್ಷೇತ್ರವೇ ಅದರಲ್ಲಿ ವೋಲ್ಟೇಜ್ ಹುಟ್ಟಿಸಿ ಓದು ಕೆಡಿಸುತ್ತೆ.